ರಾತ್ರಿ ಒಂಬತ್ತಕ್ಕೆ ತುಂಬಿದ ಫ್ಲಾಸ್ಕ್, ಬೆಳಗಿನ ಜಾವ ನಾಲ್ಕಕ್ಕೆ

ನಮ್ಮ ಗದ್ದೆ ಇರುವುದು ಪಾಂಡವಪುರದ ಹತ್ತಿರ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ವಾರ ಬಂತೆಂದರೆ ಒಂಬತ್ತಕ್ಕೆ ಊಟ ಮುಗಿಸಿ ಟಾರ್ಚು, ಗುದ್ದಲಿ, ಫ್ಲಾಸ್ಕ್ ಹಿಡಿದು ಕಬ್ಬಿಗೆ ನೀರು ಕಟ್ಟಲು ಹೊರಡುತ್ತೇನೆ. ಹನ್ನೆರಡಕ್ಕೆ ಒಂದು ಲೋಟ, ನಾಲ್ಕಕ್ಕೆ ಇನ್ನೊಂದು. ಹನ್ನೆರಡರದ್ದು ಹೇಗಿದ್ದರೂ ಗಂಟಲಿಗೆ ಇಳಿಯುತ್ತದೆ. ತಕರಾರು ಇರುವುದೆಲ್ಲ ನಾಲ್ಕರ ಲೋಟದ್ದು.

ಹೋದ ಸಲ ಪಕ್ಕದ ಗದ್ದೆಯ ಚಿಕ್ಕಪ್ಪನೂ ನಾನೂ ಇದರ ಮೇಲೆ ಜಗಳಕ್ಕೆ ಬಿದ್ದೆವು. ಅವರದ್ದು ಟೀ ಪಕ್ಷ, ನಮ್ಮನೆಯದ್ದು ಕಾಫಿ ಪಕ್ಷ. ಕೊನೆಗೆ ಮೂರು ರಾತ್ರಿ ವಾರಗಳಲ್ಲಿ ಒಂದೊಂದನ್ನೂ ಪರೀಕ್ಷೆ ಮಾಡಿ ನೋಡಿದೆ. ಒಂದೇ ಥರದ, ಅರ್ಧ ಲೀಟರಿನ ಎರಡು ಸ್ಟೀಲ್ ಫ್ಲಾಸ್ಕ್ ಇದ್ದವು. ತಂಗಿ ಕೇಕಿಗೆ ಇಟ್ಟುಕೊಂಡಿದ್ದ ಥರ್ಮಾಮೀಟರ್ ಎತ್ತಿಕೊಂಡು ಹೋದೆ. ಅವಳಿಗೆ ಇನ್ನೂ ಗೊತ್ತಿಲ್ಲ.

ಮೊದಲು ಹಾಲು ಹಾಕಿದ ಟೀ. ಸುಮಾರು 85 ಡಿಗ್ರಿಯಲ್ಲಿ ಕುತ್ತಿಗೆವರೆಗೂ ತುಂಬಿ, ತೆರೆಯದೆ ಇಟ್ಟರೆ, ನಾಲ್ಕಕ್ಕೆ 64 ಇತ್ತು. ಬಿಸಿಗೇನೂ ಮೋಸ ಇಲ್ಲ. ಬಣ್ಣ ಮಾತ್ರ ಇಟ್ಟಿಗೆ ಪುಡಿ ಕದಡಿದ ಹಾಗೆ ಮಂಕಾಗಿತ್ತು, ಜೊತೆಗೆ ಬೆಂದ ಹಾಲಿನ ವಾಸನೆ. ಕುಡಿಯಬಹುದು, ಆದರೆ ಖುಷಿಯಿಂದ ಅಲ್ಲ. ಕೊನೆಯ ಎರಡು ಗುಟುಕು ಮಾತ್ರ ಬರೀ ಕಹಿ. ಅದಕ್ಕೆ ಕಾರಣ ಫ್ಲಾಸ್ಕ್ ಅಲ್ಲ, ಡಸ್ಟ್ ಟೀ ಪುಡಿ. ಅದರ ನುಣ್ಣನೆ ಪುಡಿ ಜಾಲರಿಯಿಂದ ಇಳಿದು ಅಡಿಯಲ್ಲಿ ಕೂತು, ಏಳು ಗಂಟೆ ಬಿಸಿಯಲ್ಲಿ ಒಗರು ಬಿಡುತ್ತಲೇ ಇರುತ್ತದೆ. ಮಾರನೇ ರಾತ್ರಿ ಅವ್ವನ ಹಳೇ ಹತ್ತಿ ಸೀರೆಯ ತುಂಡಲ್ಲಿ ಸೋಸಿದೆ. ಕಹಿ ಹೋಯಿತು, ಬೆಂದ ವಾಸನೆ ಉಳಿಯಿತು.

ಚಿಕ್ಕಪ್ಪನ ಟೀ ಕಥೆಯೇ ಬೇರೆ. ಅವರಿಗೆ ಶುಂಠಿ ಇಲ್ಲದೆ ಟೀ ಇಲ್ಲ. ಆ ರಾತ್ರಿ ಟೀ ಕಾಸಿ, ಎತ್ತಿ ಎತ್ತಿ ನೊರೆ ಬರುವ ಹಾಗೆ ಹುಯ್ದು, ತಣ್ಣನೆ ಫ್ಲಾಸ್ಕಿಗೆ ಸುರಿದು, ಮೇಲೆ ಹಸಿ ಶುಂಠಿ ಜಜ್ಜಿ ಹಾಕಿ ಬಿರಡೆ ಹಾಕಿದರು. "ಊರ್ಲಿ ಬುಡ್ಲಾ, ಬೆಳಗಾನ ಹೊತ್ಗೆ ಘಾಟು ಇಳೀತದೆ" ಅಂದರು. ನಾಲ್ಕಕ್ಕೆ ಬಗ್ಗಿಸಿದರೆ ಮೊದಲು ತೆಳ್ಳನೆ ಕಂದು ನೀರು ಬಂತು, ಹಿಂದೆಯೇ ಮೆತ್ತನೆ ಬಿಳೀ ಗಂಟುಗಳು ಲೋಟಕ್ಕೆ ಪಚಕ್ ಎಂದು ಬಿದ್ದವು. ಹಾಲು ಹಾಕುವವನ ಮೇಲೆ ಬೈಗುಳ ಶುರುವಾಯಿತು. ಮೂಸಿ ನೋಡಿದೆ. ಹುಳಿ ವಾಸನೆ ಚೂರೂ ಇರಲಿಲ್ಲ.

ಅದೇ ಗುಟ್ಟು. ಕೆಟ್ಟು ಒಡೆದ ಹಾಲಾದರೆ ಹುಳಿ ನಾರುತ್ತದೆ. ಇಲ್ಲಿ ಒಡೆದದ್ದು ಶುಂಠಿಯಿಂದ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಅದು ಚೆನ್ನಾಗಿ ಕೆಲಸ ಮಾಡುವುದೇ 60ರಿಂದ 70 ಡಿಗ್ರಿ ಬಿಸಿಯಲ್ಲಿ. ಚೀನಾದಲ್ಲಿ ಬೇಕಂತಲೇ ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಹುಯ್ದು ಗಿಣ್ಣಿನಂಥ ಸಿಹಿ ಮಾಡುತ್ತಾರೆ. ನೊರೆ ಎಬ್ಬಿಸುವಾಗ ಒಂದಿಷ್ಟು ಬಿಸಿ ಹೋಯಿತು, ತಣ್ಣನೆ ಫ್ಲಾಸ್ಕ್ ಇನ್ನಷ್ಟು ಎಳೆಯಿತು. ಶುಂಠಿಗೆ ಬೇಕಾದ ಹದ ಸಿಕ್ಕಿತು, ಜೊತೆಗೆ ಏಳು ಗಂಟೆ ಪುರುಸೊತ್ತು. ಒಲೆ ಮುಂದೆ ನಿಂತು ಕುಡಿಯುವ ಶುಂಠಿ ಟೀಗೆ ಈ ಕಾಟ ಕಮ್ಮಿ, ಯಾಕೆಂದರೆ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಇದಕ್ಕೆ ಮದ್ದು ಸುಲಭ. ಜಜ್ಜಿದ ಶುಂಠಿಯನ್ನು ಮೊದಲು ಬರೀ ನೀರಲ್ಲಿ ಹಾಕಿ, ಐದು ನಿಮಿಷ ಕುದಿಸಿ, ಆಮೇಲೆ ಟೀ ಪುಡಿ, ಆಮೇಲೆ ಹಾಲು. ಕುದಿಯುವ ನೀರಲ್ಲಿ ಆ ಕಿಣ್ವ ಸಾಯುತ್ತದೆ, ಘಾಟು ಉಳಿಯುತ್ತದೆ. ಹೀಗೆ ಮಾಡಿದ ನಾಲ್ಕೂ ರಾತ್ರಿ ಒಂದು ಗಂಟೂ ಇಲ್ಲ. ಒಣ ಶುಂಠಿ ಪುಡಿ ಹಾಕಿದ ದಿನವೂ ಒಡೆಯಲಿಲ್ಲ.

ಬೆಲ್ಲದ ಟೀ ಬಗ್ಗೆಯೂ ಒಂದು ಮಾತು, ಮಂಡ್ಯದವನಾಗಿ ಹೇಳದಿದ್ದರೆ ತಪ್ಪಾಗುತ್ತದೆ. ಬೆಲ್ಲ ಹಾಕಿದ್ದು ಎರಡು ರಾತ್ರಿ ಚೆನ್ನಾಗಿತ್ತು, ಮೂರನೇ ರಾತ್ರಿ ತರಿತರಿಯಾಯಿತು. ಬೇರೆ ಅಚ್ಚು, ಬೇರೆ ಹುಳಿ. ಒಂದೊಂದು ಆಲೆಮನೆ ಬೆಲ್ಲ ಒಂದೊಂದು ಥರ, ಹಳತಾದಷ್ಟೂ ಹುಳಿ ಜಾಸ್ತಿ. ಈಗ ಬೆಲ್ಲವನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಕಚ್ಚಿಕೊಂಡು ಕುಡಿಯುತ್ತೇನೆ. ಅಜ್ಜ ಹಾಗೇ ಕುಡಿಯುತ್ತಿದ್ದರು.

ಹಾಲಿಲ್ಲದ ಕಪ್ಪು ಟೀ ಎರಡನೇ ವಾರದ್ದು. ಚೆನ್ನಾಗಿ ಸೋಸಿದರೆ ಇದು ಕೆಡುವ ಮಾತೇ ಇಲ್ಲ. ನಾಲ್ಕರ ಹೊತ್ತಿಗೆ ಬಣ್ಣ ಗಾಢವಾಗಿ, ಸ್ವಲ್ಪ ಒಗರಾಗಿರುತ್ತದೆ, ಅಷ್ಟೇ. ಪುಡಿ ಎಂದಿಗಿಂತ ಅರ್ಧ ಕಮ್ಮಿ ಹಾಕಿದರೆ ಒಗರೂ ಇಲ್ಲ. ನಿಂಬೆಹಣ್ಣು ಜೇಬಲ್ಲಿದ್ದರೆ ಕುಡಿಯುವಾಗ ಹಿಂಡಿಕೊಳ್ಳಬಹುದು. ಚಿಕ್ಕಪ್ಪ ಒಂದು ಗುಟುಕು ಕುಡಿದು "ಇದ ಜ್ವರ ಬಂದಾಗ ಕೊಡು" ಎಂದು ಲೋಟ ವಾಪಸ್ ಕೊಟ್ಟರು.

ಇನ್ನು ಕಾಫಿ. ನಮ್ಮದು ಮೈಸೂರಿಂದ ತರಿಸುವ ಪುಡಿ, ನೂರಕ್ಕೆ 20 ಚಿಕೋರಿ. ಹಾಲು, ಸಕ್ಕರೆ ಬೆರೆಸಿದ ಕಾಫಿಯನ್ನೇ ಫ್ಲಾಸ್ಕಿಗೆ ತುಂಬಿದ ರಾತ್ರಿ ನಾಲ್ಕಕ್ಕೆ ಮುಚ್ಚಳ ತೆಗೆದರೆ ಪರಿಮಳವೇ ಇಲ್ಲ. ಬಾಯಿಗೆ ಹಾಕಿದರೆ ಒಂಥರಾ ಹುಳಿಗಹಿ, ನಾಲಿಗೆ ಒರಟು. ಹಾಲು ಕೆಟ್ಟಿರಲಿಲ್ಲ. ಕಾಫಿಯಲ್ಲೇ ಇರುವ ಕೆಲವು ಆಮ್ಲಗಳು ಬಿಸಿಯಲ್ಲಿ ಹೊತ್ತು ಕಳೆದಂತೆ ಒಡೆದು, ಇನ್ನಷ್ಟು ಹುಳಿಯ, ಇನ್ನಷ್ಟು ಕಹಿಯ ಆಮ್ಲಗಳಾಗುತ್ತವೆ. ಪರಿಮಳವೂ ನಿಲ್ಲುವುದಿಲ್ಲ. ಹನ್ನೆರಡರ ಹೊತ್ತಿಗೇ ಅರ್ಧ ಹೋಗಿತ್ತು. ಹೆಚ್ಚು ಕಮ್ಮಿ ಅರ್ಧ ಪಾಲು ಚಿಕೋರಿಯೇ ಇರುವ ಅಗ್ಗದ ಪುಡಿಯೊಂದನ್ನೂ ನೋಡಿದೆ. ಅದು ಅಷ್ಟು ಬದಲಾಗಲಿಲ್ಲ. ಕಳೆದುಕೊಳ್ಳಲು ಅದಕ್ಕೆ ಪರಿಮಳ ಎಲ್ಲಿತ್ತು?

ಹಾಗಾಗಿ ಮೂರನೇ ವಾರ ಎರಡನ್ನೂ ಬೇರೆ ಮಾಡಿದೆ. ಫ್ಲಾಸ್ಕಲ್ಲಿ ಬರೀ ಹಾಲು, ಡಿಕಾಕ್ಷನ್ ಬೇರೆ ಪುಟ್ಟ ಬಾಟಲಿಯಲ್ಲಿ. ಫಿಲ್ಟರಿಗೆ ಐದು ಚಮಚ ಪುಡಿ, 150 ಎಂಎಲ್ ಕುದಿ ನೀರು. ಇಳಿದ ಡಿಕಾಕ್ಷನ್ ಆರಿದ ಮೇಲೆ ಗಾಳಿಗೆ ಜಾಗ ಇರದ ಹಾಗೆ ಬಾಟಲಿ ತುಂಬಾ ಹಾಕಿ ಬಿಗಿಯಾಗಿ ಮುಚ್ಚಿದೆ. ತಣ್ಣಗಿರುವ ಡಿಕಾಕ್ಷನ್ ಒಂದು ರಾತ್ರಿಗೆ ಹೆಚ್ಚೇನೂ ಬದಲಾಗುವುದಿಲ್ಲ.

"ತಣ್ಣನೆ ಡಿಕಾಕ್ಷನ್ ಹುಯ್ದರೆ ಕಾಫಿ ಆರಿ ಹೋಗಲ್ವಾ?" ಎಂದು ಅವ್ವ ಕೇಳಿದರು. ನನಗೂ ಅದೇ ಅನುಮಾನ ಇತ್ತು. ಲೆಕ್ಕ ಹಾಕಿ ನೋಡಿ: ಕುದಿ ಬಂದ ಕೂಡಲೇ ತುಂಬಿದ್ದರಿಂದ ನಾಲ್ಕಕ್ಕೆ ಹಾಲು 68 ಡಿಗ್ರಿ ಇತ್ತು. 150 ಎಂಎಲ್ ಹಾಲಿಗೆ 30 ಎಂಎಲ್ ಡಿಕಾಕ್ಷನ್, ಅದು ಸುಮಾರು 25 ಡಿಗ್ರಿ. ಸೇರಿಸಿದರೆ 61ರ ಹತ್ತಿರ ಬರುತ್ತದೆ. ಊದದೆ ಕುಡಿಯುವ ಹದ ಅದೇ. ಥರ್ಮಾಮೀಟರ್ 60 ತೋರಿಸಿತು, ಆ ಒಂದು ಡಿಗ್ರಿ ಲೋಟದ ಪಾಲು. ಬದುವಿನ ಮೇಲೆ ಕೂತು ಆ ಲೋಟ ಕುಡಿದಾಗ ಡಿಕಾಕ್ಷನ್ ವಾಸನೆ ಮೂಗಿಗೆ ಬಡಿಯಿತು. ಹಾಲಿಗೆ ಒಂಚೂರು ಪೇಡದ ವಾಸನೆ ಬಂದಿತ್ತು, ಆದರೆ ಕಾಫಿಯಲ್ಲಿ ಅದು ದೋಷ ಅನ್ನಿಸಲಿಲ್ಲ.

ಈ ಗೆಲುವಿಗೆ ಒಂದು ಷರತ್ತಿದೆ, ಅದು ಹಾಲಿರುವ ಎಲ್ಲಕ್ಕೂ ಅನ್ವಯ. ಹಾಲು 60 ಡಿಗ್ರಿಗಿಂತ ಮೇಲೆ ಇರಬೇಕು. ಹಾಲು ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಸಾಯುವುದಿಲ್ಲ. ಬಿಸಿ ಇಳಿದು ಬೆಚ್ಚಗಾಯಿತೆಂದರೆ ಮತ್ತೆ ಚಿಗುರುತ್ತವೆ, ಹೊಟ್ಟೆ ಕೆಡಿಸುವಂಥವೂ ಅದರಲ್ಲಿವೆ. ಬೆಚ್ಚಗಿನ ಫ್ಲಾಸ್ಕ್ ಅಂದರೆ ಹೆಪ್ಪು ಹಾಕಲು ಇಟ್ಟ ಪಾತ್ರೆಯಂತೆಯೇ. ಆಗ ವಾಸನೆ ಚೆನ್ನಾಗಿದೆ ಅಂತ ನಂಬುವಂತಿಲ್ಲ.

ನಾನು ಎಡವಿದ್ದು ಇಲ್ಲೇ. ಒಂದು ರಾತ್ರಿ ಹನ್ನೆರಡಕ್ಕೆ ಅರ್ಧ ಕುಡಿದು, ಉಳಿದ ಅರ್ಧವನ್ನು ಅದೇ ಫ್ಲಾಸ್ಕಲ್ಲಿ ನಾಲ್ಕಕ್ಕೆ ಬಿಟ್ಟೆ. ತೆರೆಯದ ಫ್ಲಾಸ್ಕಲ್ಲಿ 64 ಇರುತ್ತಿತ್ತಲ್ಲ, ಇದರಲ್ಲಿ 53. ತುಂಬಿದ ಫ್ಲಾಸ್ಕ್ ನಿಧಾನವಾಗಿ ಆರುತ್ತದೆ, ಅರ್ಧ ಆದದ್ದು ಬೇಗ ಆರುತ್ತದೆ, ಯಾಕೆಂದರೆ ಬಿಸಿ ಹಿಡಿದಿಡಲು ಒಳಗೆ ಇರುವುದೇ ಅರ್ಧ. ಅದನ್ನು ಕಬ್ಬಿನ ಬುಡಕ್ಕೆ ಚೆಲ್ಲಿದೆ. ಒಂದು ಲೀಟರಿನ ದೊಡ್ಡ ಫ್ಲಾಸ್ಕ್ ಒಂದಕ್ಕಿಂತ ಅರ್ಧ ಲೀಟರಿನ ಎರಡು ವಾಸಿ ಅಂತ ಗೊತ್ತಾದದ್ದು ಹಾಗೆ. ಒಂದು ಹನ್ನೆರಡಕ್ಕೆ, ಇನ್ನೊಂದನ್ನು ನಾಲ್ಕರವರೆಗೂ ಮುಟ್ಟುವಂತಿಲ್ಲ. ತುಂಬುವ ಮೊದಲು ಕುದಿ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿದರೆ ಬೆಳಗಿನ ಹೊತ್ತಿಗೆ ಮೂರ್ನಾಲ್ಕು ಡಿಗ್ರಿ ಉಳಿತಾಯ. ಸುಮ್ನೆ ಶಾಸ್ತ್ರ ಅಂದುಕೊಂಡಿದ್ದೆ, ಅಲ್ಲ.

ಮುಚ್ಚಳದ ರಬ್ಬರ್ ಉಂಗುರವನ್ನು ಮರೆಯಬೇಡಿ. ಒಂದು ದಿನ ಹೊಸದಾಗಿ ಕಾಸಿದ ಹಾಲೇ ಹನ್ನೆರಡಕ್ಕೆ ಹುಳಿ ವಾಸನೆ ಹೊಡೆಯಿತು. ಉಂಗುರ ಬಿಚ್ಚಿದರೆ ಅದರ ಕೆಳಗೆ ಹಳೇ ಹಾಲು ಒಣಗಿ ಹಳದಿ ಗೆರೆ ಕಟ್ಟಿತ್ತು. ಈಗ ಬೆಳಿಗ್ಗೆ ಮನೆಗೆ ಬಂದ ಕೂಡಲೇ ಉಂಗುರ ಬಿಚ್ಚಿ ತೊಳೆಯುತ್ತೇನೆ, ಫ್ಲಾಸ್ಕಿಗೆ ಬಿಸಿ ನೀರು, ಒಂದು ಚಮಚ ಅಡುಗೆ ಸೋಡ ಹಾಕಿ ಅರ್ಧ ಗಂಟೆ ಬಿಡುತ್ತೇನೆ.

ಚಿಕ್ಕಪ್ಪ ಪಕ್ಷ ಬದಲಿಸಿಲ್ಲ. ಶುಂಠಿಯನ್ನು ಮೊದಲೇ ಕುದಿಸುವುದನ್ನು ಒಪ್ಪಿಕೊಂಡಿದ್ದಾರೆ, ಟೀಯನ್ನು ಹನ್ನೆರಡಕ್ಕೇ ಪೂರ್ತಿ ಕುಡಿದು ಮುಗಿಸುತ್ತಾರೆ. ನಾಲ್ಕಕ್ಕೆ ನಾನು ಎರಡನೇ ಫ್ಲಾಸ್ಕಿನ ಬಿರಡೆ ತಿರುಗಿಸುವ ಹೊತ್ತಿಗೆ ಬದುವಿನ ಆ ಕಡೆಯಿಂದ ಟಾರ್ಚ್ ಬೆಳಕು ಈ ಕಡೆಗೆ ಬರುತ್ತದೆ, ಜೊತೆಗೆ ಖಾಲಿ ಲೋಟ.