14, 16, 20: ಮೊದಲ ಸೈಕಲ್ಲಿಗೆ ಗಾಲಿ ಆರಿಸುವಾಗ ಅಳೆಯಬೇಕಾದದ್ದು ಸೀಟು

ಸೈಕಲ್ ಅಂಗಡಿಯಲ್ಲಿ ಮೊದಲು ಕೇಳುವುದು ವಯಸ್ಸು. ಐದು ಅಂದರೆ 16 ಇಂಚು ತೋರಿಸುತ್ತಾರೆ, ಏಳು ಅಂದರೆ 20. ಜೊತೆಗೆ ಬಂದ ಅಜ್ಜ "ಮಾಣಿ ಬೆಳೀತಾ ಇದ್ದ, ದೊಡ್ಡದೇ ತಗಳಿ" ಅನ್ನುತ್ತಾರೆ. ಆದರೆ ಒಂದೇ ತರಗತಿಯ ಇಬ್ಬರು ಮಕ್ಕಳ ಕಾಲಿನ ಉದ್ದದಲ್ಲೇ ಐದಾರು ಸೆಂಟಿಮೀಟರ್ ವ್ಯತ್ಯಾಸ ಇರುತ್ತದೆ, ಮತ್ತು ಸೈಕಲ್ ವಿಷಯದಲ್ಲಿ ಐದು ಸೆಂಟಿಮೀಟರ್ ಅಂದರೆ ಪಾದ ನೆಲಕ್ಕೆ ಊರುವುದಕ್ಕೂ ತುದಿಬೆರಳಷ್ಟೇ ತಾಗುವುದಕ್ಕೂ ಇರುವ ಅಂತರ. ಹಾಗಾಗಿ ವಯಸ್ಸನ್ನು ಬದಿಗಿಟ್ಟು ಕಾಲನ್ನು ಅಳೆಯಿರಿ.

ಅಳೆಯುವುದು ಹೀಗೆ: ಮಗು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ, ಪಾದಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರ ಇರಲಿ. ರಟ್ಟಿನ ಹೊದಿಕೆಯ ಪುಸ್ತಕವೊಂದನ್ನು ಕಾಲುಗಳ ನಡುವೆ ಇಟ್ಟು, ಅದರ ಅಂಚು ಗೋಡೆಗೆ ತಾಗಿದಂತೆಯೇ, ತೊಡೆಸಂದಿಗೆ ಒತ್ತುವವರೆಗೂ ಮೇಲೆತ್ತಿ. ಪುಸ್ತಕದ ಮೇಲಂಚು ಗೋಡೆಗೆ ತಾಗಿದಲ್ಲಿ ಪೆನ್ಸಿಲ್ ಗೆರೆ ಹಾಕಿ ನೆಲದಿಂದ ಟೇಪು ಹಿಡಿಯಿರಿ. ಪುಸ್ತಕ ಮೆಲ್ಲಗೆ ತಾಗಿದರೆ ಸಾಲದು, ಸೀಟಿನ ಮೇಲೆ ಕೂತಷ್ಟೇ ಒತ್ತಬೇಕು. ಇಲ್ಲವಾದರೆ ಅಳತೆ ಎರಡು ಸೆಂಟಿಮೀಟರ್ ಕಡಿಮೆ ಬರುತ್ತದೆ.

ಅಳೆದು ನೋಡಿದ 14, 16, 20 ಇಂಚು ಗಾಲಿಯ ಸೈಕಲ್‌ಗಳ ಈ ಹೋಲಿಕೆಗೆ ಇಟ್ಟುಕೊಂಡ ಕಾಲಿನ ಅಳತೆ 49 ಸೆಂ.ಮೀ. ಐದು ದಾಟಿದ, ಇನ್ನೂ ಸೈಕಲ್ ಬಾರದ ಮಗು. ಲೆಕ್ಕಕ್ಕೆ ಎರಡೇ ಸೂತ್ರ. ಕಲಿಯುವಾಗ ಸೀಟಿನ ಎತ್ತರ ಕಾಲಿನ ಅಳತೆಗೆ ಸಮ ಇರಬೇಕು, ಅಂದರೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಬ್ಯಾಲೆನ್ಸ್ ಬಂದ ಮೇಲೆ ಸೀಟು ಕಾಲಿಗಿಂತ ಸುಮಾರು 5 ಸೆಂ.ಮೀ. ಮೇಲಿರಬೇಕು, ಇಲ್ಲದಿದ್ದರೆ ಮಂಡಿ ತೀರಾ ಮಡಚಿ ತುಳಿಯುವ ಬಲ ಸಿಗುವುದಿಲ್ಲ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಆರು ಸೆಂ.ಮೀ. ಆಸುಪಾಸು ಬೆಳೆಯುತ್ತಾರೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಾಲಿನದು. ವರ್ಷಕ್ಕೆ ಮೂರು ಸೆಂ.ಮೀ. ಅಂತ ಹಿಡಿಯೋಣ.

14 ಇಂಚಿನದರಲ್ಲಿ ಸೀಟು ಪೂರ್ತಿ ಇಳಿಸಿದಾಗ 43, ಪೂರ್ತಿ ಏರಿಸಿದಾಗ 54 ಸೆಂ.ಮೀ. ಇತ್ತು. ಕಲಿಯುವ ಮಗು ಇದರ ಮೇಲೆ ಆರಾಮಾಗಿ ಕೂರುತ್ತದೆ, ಹೆದರಿಕೆಯೇ ಇಲ್ಲ. ಆದರೆ ಕಲಿತ ದಿನವೇ ಬೇಕಾಗುವ ಎತ್ತರ 49ಕ್ಕೆ 5 ಸೇರಿಸಿ 54, ಅಂದರೆ ಸೀಟಿನ ಪೈಪು ಅಂದೇ ಮುಗಿಯಿತು. ಆರು ತಿಂಗಳಲ್ಲಿ ತಿರುವಿನಲ್ಲಿ ಮಂಡಿ ಹ್ಯಾಂಡಲ್‌ಗೆ ಬಡಿಯಲು ಶುರುವಾಗುತ್ತದೆ. 49ರ ಕಾಲಿಗೆ ಹೊಸ 14 ಕೊಳ್ಳುವುದು ದಂಡ. ಕಾಲು 44–45 ಇದ್ದರೆ ಮಾತು ಬೇರೆ. ಆಗಲೂ ಅಕ್ಕಪಕ್ಕದ ಮನೆಯವರ ಹಳೆಯದು ಸಿಕ್ಕರೆ ಅದೇ ಸಾಕು.

20 ಇಂಚಿನದರಲ್ಲಿ ಸೀಟು ಎಷ್ಟೇ ಇಳಿಸಿದರೂ 61. ನಮ್ಮ ಮಗುವಿಗೆ 12 ಸೆಂ.ಮೀ. ಮೇಲೆ. ನಿಲ್ಲಿಸುವಾಗ ಸೈಕಲನ್ನು ಒಂದು ಬದಿಗೆ ಓರೆ ಮಾಡಿ ಸೀಟಿನಿಂದ ಜಾರಿಯೇ ಇಳಿಯಬೇಕು. ಎತ್ತರ ಸೀಟಿನಲ್ಲಿ ಪೆಡಲ್ ತುಳಿಯುವ ಮಗುವನ್ನು ಹಿಂದಿನಿಂದ ನೋಡಿ: ಸೊಂಟ ಎಡಕ್ಕೂ ಬಲಕ್ಕೂ ಜೋಲಾಡುತ್ತದೆ, ಪ್ರತಿ ತುಳಿತಕ್ಕೂ ಹ್ಯಾಂಡಲ್ ಅಲುಗುತ್ತದೆ. ಕಾರವಾರದ ಕಡಲತೀರದ ಸಪಾಟು ರಸ್ತೆಯಲ್ಲಿ ಹಿಂದೆ ಒಬ್ಬರು ಹಿಡಿದುಕೊಂಡರೆ ಹೇಗೋ ನಡೆದೀತು. ಶಿರಸಿಯ ಏರಿಳಿತದಲ್ಲಿ, ಅಂಗಳ ದಾಟಿದ ಕೂಡಲೇ ಇಳಿಜಾರು ಸಿಗುವ ಕಡೆ, ಕಾಲೂರಲು ಬಾರದ ಮಗುವಿಗೆ 20 ಕೊಡಲೇಬಾರದು.

ಅದಕ್ಕೆ ಸೈಡ್ ವೀಲ್ ಹಾಕಿಕೊಟ್ಟರಾಯಿತು ಅನ್ನುವವರಿದ್ದಾರೆ. ನಮ್ಮ ಚಿರೇಕಲ್ಲಿನ ಉಬ್ಬುತಗ್ಗಿನ ನೆಲದಲ್ಲಿ ಅದರ ಅಪಾಯ ಕಾಣಬೇಕಾದರೆ ತಗ್ಗಿನ ಮೇಲೆ ನಿಲ್ಲಿಸಿ ನೋಡಿ: ಎರಡು ಸೈಡ್ ವೀಲ್‌ಗಳು ಅಂಚಿನ ಮೇಲೆ ನಿಂತು, ನಡುವಿನ ಹಿಂದಿನ ಗಾಲಿ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಆ ಕ್ಷಣ ತುಳಿತವೂ ಇಲ್ಲ, ಹಿಂದಿನ ಬ್ರೇಕೂ ಇಲ್ಲ.

16 ಇಂಚಿನಲ್ಲಿ ಬೇಕೆಂದೇ ಎರಡು ನೋಡಿದ್ದು. ಗಾಲಿ ಎರಡರದ್ದೂ ಒಂದೇ. ಮೊದಲನೆಯದರ ಸೀಟು 49ರಿಂದ 62ರವರೆಗೆ. ಕಲಿಯುವಾಗ ಪಾದ ಪೂರ್ತಿ ಊರುತ್ತದೆ, ಕಲಿತ ಮೇಲೆ 54ಕ್ಕೆ ಏರಿಸಬಹುದು. ಸೀಟು 62 ಮುಟ್ಟುವಾಗ ಕಾಲು 57 ಆಗಿರುತ್ತದೆ. ಅಂದರೆ 8 ಸೆಂ.ಮೀ. ಬೆಳವಣಿಗೆಗೆ, ಸುಮಾರು ಎರಡೂವರೆ ವರ್ಷಕ್ಕೆ, ಜಾಗ ಇದೆ. ಅಷ್ಟರಲ್ಲಿ 20ರ 61 ಸೆಂ.ಮೀ. ಸೀಟು ಕಲಿತ ಮಗುವಿಗೆ ತಾನಾಗಿ ಒದಗುತ್ತದೆ, ಯಾಕೆಂದರೆ 56ರ ಕಾಲಿಗೆ 5 ಸೇರಿಸಿದರೆ ಅದೇ 61. ಈ ಕಾಲಿಗೆ ಇದೇ ಸೈಕಲ್, ಅನುಮಾನ ಬೇಡ.

ಎರಡನೆಯ 16ರ ಸೀಟು 54ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಕಲಿಯುವ ಮಗುವಿಗೆ ಇದು 20ರಷ್ಟೇ ನಿರುಪಯೋಗಿ. ಗಾಲಿ ಒಂದೇ ಆಗಿದ್ದೂ 5 ಸೆಂ.ಮೀ. ಎಲ್ಲಿಂದ ಬಂತು? ಒಂದು ಭಾಗ ಸೀಟಿನದ್ದೇ: ಕೆಳಗೆ ಸ್ಪ್ರಿಂಗ್, ಮೇಲೆ ದಪ್ಪ ಸ್ಪಂಜು. ತೆಳ್ಳನೆಯ ಸೀಟು ಹಾಕಿಸಿದರೆ ಎರಡು ಮೂರು ಸೆಂ.ಮೀ. ಇಳಿಯುತ್ತದೆ. ಉಳಿದದ್ದು ಸೀಟಿನ ಪೈಪು. ಫ್ರೇಮಿನ ಕೊಳವೆ ಕೆಳಗೆ ಬಾಗಿದ್ದರೆ ಪೈಪು ಅಲ್ಲಿಗೇ ತಾಗಿ ನಿಲ್ಲುತ್ತದೆ. ಸೀಟು ಇಳಿಸುವಾಗ ಇನ್ನೂ ಪೈಪು ಹೊರಗೆ ಕಾಣುತ್ತಿದ್ದೂ 'ಟಣ್' ಅಂತ ನಿಂತರೆ ಕಾರಣ ಅದೇ. ಪೈಪಿನ ತಳದಿಂದ ಗರಗಸದಲ್ಲಿ ಅಷ್ಟು ತುಂಡು ಕತ್ತರಿಸಬಹುದು. ಆದರೆ ಪೈಪಿನ ಮೇಲೆ ಕೊರೆದ 'ಇದಕ್ಕಿಂತ ಮೇಲೆತ್ತಬೇಡಿ' ಎಂಬ ಗೆರೆ ಆಮೇಲೆ ಲೆಕ್ಕಕ್ಕಿಲ್ಲ. ಕತ್ತರಿಸಿದಷ್ಟೇ ಮೇಲಕ್ಕೆ ಹೊಸ ಗೆರೆ ಗೀಚಿ, ಮಗು ಬೆಳೆದಾಗ ಉದ್ದ ಪೈಪು ಹಾಕಿಸಿ. ಒಳಗೆ ಸಾಕಷ್ಟು ಪೈಪು ಇಲ್ಲದೆ ಏರಿಸಿದರೆ ಫ್ರೇಮಿನ ಬಾಯಿ ಸೀಳುತ್ತದೆ.

ಹಾಗಾಗಿ ಅಂಗಡಿಗೆ ಹೋಗುವಾಗ ಟೇಪು ಜೇಬಿನಲ್ಲಿರಲಿ. ಟಯರಿಗೆ ಗಾಳಿ ತುಂಬಿಸಿ, ಸೀಟು ಪೂರ್ತಿ ಇಳಿಸಿ, ನೆಲದಿಂದ ಸೀಟಿನ ಮೇಲ್ಭಾಗದವರೆಗೆ ಅಳೆಯಿರಿ. ಆಮೇಲೆ ಗೆರೆಯವರೆಗೆ ಏರಿಸಿ ಇನ್ನೊಮ್ಮೆ.

ಕಷ್ಟವಾಗುವುದು ಕಾಲು 52–53 ಇರುವಾಗ. 16ರಲ್ಲಿ ಉಳಿಯುವುದು ಒಂದೂವರೆ ವರ್ಷ, 20 ಇನ್ನೂ ನಿಲುಕದು. ಆಗಲೂ 16ರಲ್ಲೇ ಕಲಿಸಿ, ಆದರೆ ಹಳೆಯದರಲ್ಲಿ. ಎರಡೂ ಪೆಡಲ್ ಬಿಚ್ಚಿ (15ರ ಪಾನಾ ಸಾಕು, ಎಡಗಡೆಯದರ ಮರೆ ಉಲ್ಟಾ) ಅಡಿಕೆ ಒಣಗಿಸುವ ಅಂಗಳದಂಥ ಸಪಾಟಿನಲ್ಲಿ ಕಾಲಿನಿಂದಲೇ ತಳ್ಳಿಕೊಂಡು ಹೋಗಲು ಬಿಡಿ. ಎರಡೂ ಕಾಲೆತ್ತಿ ಅಂಗಳದ ಆಚೆ ತುದಿ ಮುಟ್ಟುವಷ್ಟು ತೇಲಿದ ಮೇಲೆ ಪೆಡಲ್ ಹಾಕಿ. ಬ್ಯಾಲೆನ್ಸ್ ಬಂದ ಮಗುವಿಗೆ ಸೀಟು ತಗ್ಗಿನ 20 ಒಂದು ವರ್ಷ ಬೇಗ ಒಗ್ಗುತ್ತದೆ.

ಕರಾವಳಿಯವರಿಗೆ ಒಂದು ಮಾತು. ಬೆಳವಣಿಗೆಗೆಂದು ಬಿಟ್ಟ 13 ಸೆಂ.ಮೀ. ಪೈಪನ್ನು ಉಪ್ಪುಗಾಳಿ ನುಂಗುತ್ತದೆ. ಒಂದು ಮಳೆಗಾಲ ಅಲುಗಾಡಿಸದೆ ಬಿಟ್ಟ ಪೈಪು ಫ್ರೇಮಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡರೆ, ಎರಡೂವರೆ ವರ್ಷದ ಸೈಕಲ್ ಒಂದೇ ವರ್ಷದ್ದಾಗುತ್ತದೆ. ಕೊಂಡ ದಿನವೇ ಪೈಪು ಹೊರಗೆಳೆದು ತೆಳ್ಳಗೆ ಗ್ರೀಸ್ ಸವರಿ. ಮೇ ಕೊನೆಯಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಒರೆಸಿ ಹಚ್ಚಿ. ಗೋಡೆಯ ಪೆನ್ಸಿಲ್ ಗೆರೆಯ ಪಕ್ಕ ಮಗುವನ್ನೂ ಅಂದೇ ನಿಲ್ಲಿಸಿ, ಏರಿದಷ್ಟು ಸೀಟನ್ನೂ ಏರಿಸಿ.