ಕಾಫಿ ಪುಡಿ ಮಾರುವವರಿಗೆ ಮೂರು ದಾರಿ: ಬಿಲ್ಲಿಂಗ್ ಆ್ಯಪ್, ಟ್ಯಾಲಿಪ್ರೈಮ್, ಇಆರ್‌ಪಿನೆಕ್ಸ್ಟ್

ಮೊದಲೇ ಹೇಳಿಬಿಡುತ್ತೇನೆ, ಬಿಲ್ಲು, ಬಾಕಿಯ ಲೆಕ್ಕ ಇಡುವ ಈ ಮೂರು ತಂತ್ರಾಂಶಗಳಲ್ಲಿ ನನ್ನ ಓಟು ಇಆರ್‌ಪಿನೆಕ್ಸ್ಟ್‌ಗೆ. ಕುಶಾಲನಗರದಲ್ಲಿ ನಮ್ಮದು ಸಣ್ಣ ಗೋದಾಮು. ಅಲ್ಲಿಂದ ಮಡಿಕೇರಿ, ಸಿದ್ದಾಪುರ, ವಿರಾಜಪೇಟೆ ಕಡೆಯ ರೆಸಾರ್ಟು, ಹೋಂಸ್ಟೇಗಳಿಗೆ ಕಾಫಿ ಪುಡಿ ಕೊಡುತ್ತೇವೆ. ಎಲ್ಲಾ ಸಾಲದ ವ್ಯಾಪಾರ. ಸರಕು ಇವತ್ತು ಹೋಗುತ್ತದೆ, ದುಡ್ಡು ಮುಂದಿನ ತಿಂಗಳು ಬರುತ್ತದೆ. ಹಾಗಾಗಿ ಬಿಲ್ ಚೆಂದವಾಗಿ ಪ್ರಿಂಟ್ ಆಗುತ್ತದಾ ಅನ್ನುವುದು ನನಗೆ ಮುಖ್ಯವಲ್ಲ. ಬಂದ ದುಡ್ಡು ಯಾವ ಬಿಲ್‌ಗೆ ಬಂತು ಅಂತ ಗೊತ್ತಾಗಬೇಕು, ಅಷ್ಟೇ.

ನಾವು ಮೊದಲು ದುಡ್ಡು ಕೊಟ್ಟು ತಗೊಂಡದ್ದು ಒಂದು ಮೊಬೈಲ್ ಬಿಲ್ಲಿಂಗ್ ಆ್ಯಪ್. ಹೆಸರು ಬೇಡ. ಬಿಲ್ ಮಾಡುವುದೇನೋ ಅದರಲ್ಲಿ ತುಂಬಾ ಸಲೀಸು. ತೊಂದರೆ ಶುರುವಾಗಿದ್ದು ವಸೂಲಿಯಲ್ಲಿ.

ಮಳೆಗಾಲದಲ್ಲಿ ಮಡಿಕೇರಿಯ ಒಂದು ರೆಸಾರ್ಟ್ 100 ಕೆಜಿ ಪುಡಿಗೆ ಆರ್ಡರ್ ಕೊಟ್ಟಿತು. ಕೆಜಿಗೆ 600 ರೂಪಾಯಿ, ಮೇಲೆ 5% ಜಿಎಸ್‌ಟಿ. ಎರಡು ಲೋಡಲ್ಲಿ ಕಳಿಸಿದೆವು. ಮೊದಲು 60 ಕೆಜಿ, ಬಿಲ್ 37,800. ಆಮೇಲೆ 40 ಕೆಜಿ, ಬಿಲ್ 25,200. ಮೊದಲ ಲೋಡಿನಲ್ಲಿ 4 ಕೆಜಿ ಪ್ಯಾಕೆಟ್ ಒದ್ದೆಯಾಗಿದೆ ಅಂತ ಅವರು ವಾಪಸ್ ಕಳಿಸಿದರು. ಆ ತಕರಾರು ಮುಗಿಯುವವರೆಗೂ ಮೊದಲ ಬಿಲ್ ತಡೆಹಿಡಿದು, ಎರಡನೇ ಬಿಲ್‌ನ 25,200 ಪೂರ್ತಿ ಕಟ್ಟಿದರು. ನ್ಯಾಯವೇ ಅಲ್ವಾ?

ಆದರೆ ಆ್ಯಪಿನ ಲೆಕ್ಕವೇ ಬೇರೆ. ದುಡ್ಡು ಬಂದ ಕೂಡಲೇ ಹಳೆಯ ಬಿಲ್‌ಗೆ ಜಮಾ ಮಾಡುವುದು ಅದರ ರೂಢಿ. ನಮ್ಮನ್ನು ಕೇಳುವುದೂ ಇಲ್ಲ, ಆಮೇಲೆ ಬದಲಿಸಲು ಬಿಡುವುದೂ ಇಲ್ಲ. ಹಾಗಾಗಿ ಮೊದಲ ಬಿಲ್‌ನಲ್ಲಿ 12,600 ಬಾಕಿ, ಎರಡನೆಯದು ಪೂರ್ತಿ ಬಾಕಿ ಅಂತ ತೋರಿಸಿತು. ಸಾಲದ್ದಕ್ಕೆ ಎರಡನೇ ಬಿಲ್ ಕಟ್ಟಿಲ್ಲ ಅಂತ ರೆಸಾರ್ಟಿಗೆ ತಾನೇ ಮೆಸೇಜೂ ಕಳಿಸಿತು. ಅಲ್ಲಿಯ ಅಕೌಂಟೆಂಟ್ ಫೋನ್ ಮಾಡಿ, "ಏನಣ್ಣ, ಕಟ್ಟಿದ ಬಿಲ್‌ಗೇ ಮತ್ತೆ ದುಡ್ಡು ಕೇಳ್ತಿದ್ದೀರಲ್ಲ?" ಅಂದರು. ಕೊನೆಗೆ ಅವರು ವಾಪಸ್ ಬಂದ ಪುಡಿಯ 2,520 ಮುರಿದುಕೊಂಡು 35,280 ಕಟ್ಟಿದರು. ಆಗಲೂ ಆ್ಯಪಿನಲ್ಲಿ 2,520 ಬಾಕಿ ಉಳಿಯಿತು. ಅದೂ ತಕರಾರೇ ಇಲ್ಲದ ಎರಡನೇ ಬಿಲ್‌ನ ಮೇಲೆ! ಒಟ್ಟು ಬಾಕಿ ಸರಿ, ಬಿಲ್‌ವಾರು ಬಾಕಿ ಪೂರ್ತಿ ತಪ್ಪು. ಇಂಥ ತಪ್ಪು ಲೆಡ್ಜರ್ ನೋಡಿದರೆ ಸಿಗುವುದಿಲ್ಲ. ಬಿಲ್‌ವಾರು ಪಟ್ಟಿಯನ್ನು ಗಿರಾಕಿಯ ಪಟ್ಟಿಯ ಪಕ್ಕ ಇಟ್ಟು ನೋಡಿದಾಗ ಮಾತ್ರ ಸಿಗುತ್ತದೆ.

ಟ್ಯಾಲಿಪ್ರೈಮ್ ಈ ವಿಷಯದಲ್ಲಿ ಗಟ್ಟಿ. ರಿಸೀಟ್ ಹಾಕುವಾಗ `Agst Ref` ಕೊಟ್ಟರೆ ಯಾವ ಬಿಲ್ ಅಂತ ನಾವೇ ಆರಿಸಬಹುದು. ಸೋಮಾರಿತನಕ್ಕೆ `On Account` ಅಂತ ಹಾಕಿದರೆ ಮಾತ್ರ ದುಡ್ಡು ಯಾವ ಬಿಲ್‌ಗೂ ಸೇರದೆ ತೇಲುತ್ತಿರುತ್ತದೆ. ಡೆಲಿವರಿ ನೋಟ್ ಆಗಿ ಬಿಲ್ ಆಗದೆ ಉಳಿದ ಸರಕಿಗೆ `Sales Bills Pending` ಅನ್ನುವ ರಿಪೋರ್ಟೂ ಇದೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಜುಲೈನಲ್ಲಿ ಮಡಿಕೇರಿಯಲ್ಲಿ ಇದ್ದವರಿಗೆ ಇದರ ಬೆಲೆ ಗೊತ್ತು. ಆಡಿಟರ್‌ಗೂ ಇದೇ ಇಷ್ಟ. ಕೊಟೇಶನ್ ಮಾತ್ರ ಸುತ್ತುದಾರಿ, ಸೇಲ್ಸ್ ಆರ್ಡರ್ ವೋಚರನ್ನೇ ಆಪ್ಷನಲ್ ಮಾಡಿಕೊಳ್ಳಬೇಕು.

ಹಾಗಾದರೆ ನಾನು ಅಲ್ಲೇ ಯಾಕೆ ನಿಲ್ಲಲಿಲ್ಲ? ನಮ್ಮ ಸರಕು ಇಳಿಯುವುದು ಗೋದಾಮಿನ ಕಂಪ್ಯೂಟರ್ ಮುಂದೆ ಅಲ್ಲ, ರೆಸಾರ್ಟಿನ ಅಡುಗೆಮನೆ ಬಾಗಿಲಲ್ಲಿ. ನನಗೆ ಎಟುಕಿದ್ದು ಒಬ್ಬರೇ ಬಳಸುವ ಲೈಸೆನ್ಸ್. ಗಾಡಿಯ ಹುಡುಗ ಚೀಟಿಯಲ್ಲಿ ಸಹಿ ಹಾಕಿಸಿಕೊಂಡು ಬರಬೇಕು, ಸಂಜೆ ಇನ್ನೊಬ್ಬರು ಅದನ್ನು ನೋಡಿ ಟೈಪ್ ಮಾಡಬೇಕು. ಒದ್ದೆಯಾಗಿ ಹರಿದ ಚೀಟಿ ಅಂದರೆ ಬಿಲ್ ಆಗದ ಸರಕು. ಇಆರ್‌ಪಿನೆಕ್ಸ್ಟ್ ಬ್ರೌಸರಿನಲ್ಲೇ ತೆರೆಯುತ್ತದೆ. ಸಿಗ್ನಲ್ ಸಿಕ್ಕ ಕಡೆ ಹುಡುಗನೇ ಫೋನಿನಲ್ಲಿ ಡೆಲಿವರಿ ನೋಟ್ ಸಬ್ಮಿಟ್ ಮಾಡುತ್ತಾನೆ.

ಅಲ್ಲಿ ಕೊಟೇಶನ್‌ನಿಂದ ಸೇಲ್ಸ್ ಆರ್ಡರ್, ಅದರಿಂದ ಡೆಲಿವರಿ ನೋಟ್, ಅದರಿಂದ ಸೇಲ್ಸ್ ಇನ್ವಾಯ್ಸ್. ಒಂದರಿಂದ ಇನ್ನೊಂದನ್ನು `Create` ಬಟನ್ ಒತ್ತಿ ಮಾಡಿಕೊಳ್ಳುವುದು. 60 ಕೆಜಿ ಹೋದ ಮೇಲೆ ಆರ್ಡರ್ ತೆರೆದರೆ 60% ಡೆಲಿವರಿ ಅಂತ ಕಾಣುತ್ತದೆ. ನಾನು ಬೆಳಿಗ್ಗೆ ಎದ್ದು ನೋಡುವುದು ಒಂದೇ ಪಟ್ಟಿ: `To Bill` ಅಂತ ನಿಂತಿರುವ ಡೆಲಿವರಿ ನೋಟ್‌ಗಳು. ಅದು ಖಾಲಿ ಇದ್ದರೆ ನಮೂದಾದ ಸರಕಿಗೆಲ್ಲಾ ಬಿಲ್ ಆಗಿದೆ ಅಂತ.

ಈಗ ಇದರ ಕಿರಿಕಿರಿ. ಆ ಒದ್ದೆ ಪುಡಿಯಂಥ ವಾಪಸಾತಿ ಬಂದರೆ ಇಆರ್‌ಪಿನೆಕ್ಸ್ಟ್ ಕೂಡ ತಲೆ ತಿನ್ನುತ್ತದೆ. ಗಿರಾಕಿ 2,520 ಮುರಿದುಕೊಂಡರೆ ಅದನ್ನು ಸುಮ್ನೆ ಡಿಸ್ಕೌಂಟ್ ಅಂತ ಬರೆಯುವಂತಿಲ್ಲ. ಅದರಲ್ಲಿ 120 ರೂಪಾಯಿ ಜಿಎಸ್‌ಟಿ ಇದೆ. ಕ್ರೆಡಿಟ್ ನೋಟ್ ಕೊಟ್ಟರೆ ಮಾತ್ರ ಆ ತೆರಿಗೆ ನಮ್ಮ ಲೆಕ್ಕದಿಂದ ಇಳಿಯುತ್ತದೆ. ಸರಿ, ರೆಸಾರ್ಟಿನ ಅದೇ ಲೆಕ್ಕವನ್ನು ಇದರಲ್ಲೂ ಹಾಕಿ ನೋಡಿದೆ. ಮೊದಲ ಇನ್ವಾಯ್ಸಿನಿಂದ `Return / Credit Note` ಮಾಡಿದೆ, 4 ಕೆಜಿ ಅಂತ ತಿದ್ದಿ ಸಬ್ಮಿಟ್ ಕೊಟ್ಟೆ. ಬಾಕಿ ಪಟ್ಟಿ ತೆರೆದರೆ ಮೊದಲ ಬಿಲ್ ಹಾಗೇ 37,800! ಕೆಳಗೆ ಕ್ರೆಡಿಟ್ ನೋಟ್ ಬೇರೆಯಾಗಿ, ಮೈನಸ್ 2,520 ಅಂತ ಕೂತಿದೆ.

ಕಾರಣ ಒಂದು ಟಿಕ್ ಗುರುತು. 15ನೇ ಆವೃತ್ತಿಯಲ್ಲಿ ಕ್ರೆಡಿಟ್ ನೋಟಿನ ಮೇಲೆ `Update Outstanding for Self` ಅಂತ ಇದೆ. ಅದು ಟಿಕ್ ಆಗಿದ್ದರೆ ಕ್ರೆಡಿಟ್ ನೋಟ್ ತನ್ನ ಬಾಕಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಮೂಲ ಬಿಲ್‌ನಲ್ಲಿ ಕಳೆಯುವುದಿಲ್ಲ. ತೆಗೆದರೆ ಕಳೆಯುತ್ತದೆ. ಆಗಲೇ ಸಬ್ಮಿಟ್ ಆಗಿದ್ದರೆ `Payment Reconciliation` ತೆರೆದು, ಗಿರಾಕಿಯ ಹೆಸರು ಕೊಟ್ಟು, `Get Unreconciled Entries` ಒತ್ತಬೇಕು. ಒಂದು ಕಡೆ ಬಿಲ್‌ಗಳು ಬರುತ್ತವೆ, ಇನ್ನೊಂದು ಕಡೆ ಬಿಲ್‌ಗೆ ಸೇರದ ಪಾವತಿ ಮತ್ತು ಕ್ರೆಡಿಟ್ ನೋಟ್‌ಗಳು. ಬೇಕಾದ ಎರಡನ್ನು ಆರಿಸಿ `Allocate`, ಆಮೇಲೆ `Reconcile`. ಬಿಲ್ 35,280ಕ್ಕೆ ಇಳಿಯುತ್ತದೆ. ರೆಸಾರ್ಟ್ ಕಟ್ಟಿದ್ದೂ ಅಷ್ಟೇ, ಆದ್ದರಿಂದ ಬಾಕಿ ಸೊನ್ನೆ.

ಎಡವುವ ಜಾಗ ಇನ್ನೊಂದು ಇದರ ಪಕ್ಕದಲ್ಲೇ ಇದೆ. ಡೆಲಿವರಿ ನೋಟಿನಿಂದ ಸೇಲ್ಸ್ ರಿಟರ್ನ್ ಮಾಡಿದ್ದರೆ ಕ್ರೆಡಿಟ್ ನೋಟಿನಲ್ಲಿ `Update Stock` ಟಿಕ್ ಮಾಡಬೇಡಿ, ಅದೇ 4 ಕೆಜಿ ಎರಡು ಸಲ ಗೋದಾಮಿನ ಲೆಕ್ಕಕ್ಕೆ ಬರಬಾರದು.

ಪಾವತಿ ಹಾಕುವಾಗ ಇದೂ ಹಳೇ ಬಿಲ್‌ನಿಂದಲೇ ದುಡ್ಡು ತುಂಬಿಸುತ್ತಾ ಬರುತ್ತದೆ. ಆದರೆ ಸಬ್ಮಿಟ್ ಮಾಡುವ ಮೊದಲು ಆ ಅಂಕಿ ಅಳಿಸಿ ಎರಡನೇ ಬಿಲ್ ಮುಂದೆ 25,200 ಅಂತ ಬರೆಯಬಹುದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಬ್ಯಾಂಕ್ ತಾಳೆ ಬೇರೆ ಕೆಲಸ, ಇದರ ಜೊತೆ ಬೆರೆಸಬೇಡಿ. ಪೇಮೆಂಟ್ ಎಂಟ್ರಿಯಲ್ಲಿ ಯುಟಿಆರ್ ನಂಬರ್ ಸರಿಯಾಗಿ ಹಾಕಿದ್ದರೆ ಬ್ಯಾಂಕ್ ರಿಕನ್ಸಿಲಿಯೇಶನ್ ಟೂಲಿನಲ್ಲಿ ಜೋಡಿ ಹುಡುಕುವುದು ಸುಲಭ.

ಸಬ್ಮಿಟ್ ಆದ ಬಿಲ್‌ನಲ್ಲಿ ದರ ತಿದ್ದಲು ಆಗುವುದಿಲ್ಲ. ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಿದರೆ ನಂಬರಿನ ಕೊನೆಗೆ `-1` ಸೇರುತ್ತದೆ. ನಮ್ಮ ಆಡಿಟರ್ ಇದನ್ನು ಕಂಡರೆ ಇವತ್ತಿಗೂ ಮುಖ ಸಿಂಡರಿಸುತ್ತಾರೆ.

ದುಡ್ಡಿನ ವಿಷಯ: ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ, ಲೈಸೆನ್ಸಿಗೆ ದುಡ್ಡಿಲ್ಲ. ಸರ್ವರ್ ಬಾಡಿಗೆ, ಸೆಟಪ್ ಮಾಡಿಕೊಡುವವರ ಫೀಸು ಇದ್ದೇ ಇದೆ. ಎಷ್ಟು ಜನ ಬಳಸಿದರೂ ತಲೆಗೆ ಇಷ್ಟು ಅಂತ ಲೈಸೆನ್ಸ್ ಫೀಸು ಇಲ್ಲ ಅನ್ನುವುದು ನನಗೆ ಒಗ್ಗಿತು. ಜಿಎಸ್‌ಟಿಗೆ ಇಂಡಿಯಾ ಕಂಪ್ಲಯನ್ಸ್ ಅನ್ನುವ ಆ್ಯಪನ್ನು ಜೊತೆಗೆ ಹಾಕಿಸಿಕೊಳ್ಳಿ.

ನೀವು ಅಂಗಡಿಯಲ್ಲೇ ಕೂತು ಕೈಗೆ ಕಾಸು ತಗೊಂಡು ಮಾರುವವರಾದರೆ ಇಷ್ಟೆಲ್ಲಾ ಬೇಡ, ಟ್ಯಾಲಿಪ್ರೈಮ್ ಧಾರಾಳ ಸಾಕು. ಸರಕು ಒಂದು ಕಡೆ, ಬಿಲ್ ಒಂದು ಕಡೆ, ದುಡ್ಡು ತುಂಡುತುಂಡಾಗಿ ಬರುವ ನಮ್ಮಂಥವರಾದರೆ ಇಆರ್‌ಪಿನೆಕ್ಸ್ಟ್ ನೋಡಿ. ದುಡ್ಡು ಕೊಡುವ ಮೊದಲು ಡೆಮೋ ತೋರಿಸುವವರನ್ನು ಒಂದೇ ಕೇಳಿ: "ಎರಡು ಬಿಲ್ ಇದೆ, ಎರಡನೆಯದಕ್ಕೆ ಮಾತ್ರ ದುಡ್ಡು ಬಂತು, ಮೊದಲನೆಯದರಲ್ಲಿ 4 ಕೆಜಿ ವಾಪಸ್ ಬಂತು. ಮಾಡಿ ತೋರಿಸಿ."