ಡೋರ್ ಕ್ಲೋಸರಿನ ಸ್ಕ್ರೂ ಸಡಿಲಿಸಿ ಬಾಗಿಲು ಮುಚ್ಚಿಸುವವರಿಂದ ಎಚ್ಚರ

ಧಾರವಾಡದಲ್ಲಿ ನಾವಿರುವ ಕಟ್ಟಡದ ಕೆಳಗಿನ ಮುಖ್ಯ ಬಾಗಿಲಿಗೆ ಈ ಮಳೆಗಾಲದ ಮೊದಲು ಹೈಡ್ರಾಲಿಕ್ ಡೋರ್ ಕ್ಲೋಸರ್ ಹಾಕಿಸಿದೆವು. ಬೀದಿನಾಯಿ ಒಳಗೆ ಬರಬಾರದು, ರಾತ್ರಿ ಬಾಗಿಲು ತಾನಾಗಿಯೇ ಲ್ಯಾಚ್ ಆಗಬೇಕು ಅನ್ನುವುದಷ್ಟೇ ನಮಗೆ ಬೇಕಾಗಿತ್ತು. ಕೆಲವೇ ವಾರಗಳಲ್ಲಿ ಅದೇ ಬಾಗಿಲು ಮೇಲಿನ ಮನೆಯ ಆಯಿಯ ಹಿಮ್ಮಡಿಗೆ ಬಡಿದು ಚರ್ಮ ಸೀಳಿತು. ಹಾಲು ತಗೊಂಡು ಒಳಗೆ ಕಾಲಿಡುತ್ತಿದ್ದರು, ಎರಡನೇ ಕಾಲು ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಬಾಗಿಲು ಅಪ್ಪಳಿಸಿತು. ಹೊಲಿಗೆ ಹಾಕಿಸಬೇಕಾಯಿತು. ಶುಗರ್ ಇರುವವರಿಗೆ ಕಾಲಿನ ಗಾಯ ಅಂದರೆ ಎಷ್ಟು ದಿನದ ಪಾಡು ಅನ್ನುವುದು ಗೊತ್ತಿರುವವರಿಗೇ ಗೊತ್ತು.

ಇದು ಆಗಬಾರದಿತ್ತು, ಆಗದಂತೆ ತಡೆಯಲೂಬಹುದಿತ್ತು. ಹಾಗಾಗಿ ಎಲ್ಲಿ ತಪ್ಪಿತು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹಾಕಿದ ದಿನದಿಂದಲೇ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಚೌಕಟ್ಟಿಗೆ ನಾಲ್ಕು ಬೆರಳು ದೂರವಿದ್ದಾಗ ನಿಂತುಬಿಡುತ್ತಿತ್ತು. ಕೂಡಿಸಿದವರನ್ನು ಮತ್ತೆ ಕರೆಸಿದರೆ, ಅವರು ಸ್ಕ್ರೂಡ್ರೈವರ್ ತೆಗೆದು ಒಂದು ಸ್ಕ್ರೂ ಎಡಕ್ಕೆ ತಿರುಗಿಸಿ, “ಸ್ವಲ್ಪ ಸಡ್ಲ ಮಾಡೇನ್ರಿ ಸರ, ಈಗ ಹೆಂಗ್ ಬಡೀತೈತಿ ನೋಡ್ರಿ” ಅಂದರು. ಬಡಿಯಿತು. ಲ್ಯಾಚೂ ಬಿತ್ತು. ಎಲ್ಲರಿಗೂ ಕೆಲಸ ಆಯಿತು ಅನ್ನಿಸಿತು. ಮಳೆ ಶುರುವಾಗಿ ಬಾಗಿಲು ಮತ್ತೆ ನಿಲ್ಲತೊಡಗಿದಾಗ ಅವರೇ ಬಂದು ಅದೇ ಸ್ಕ್ರೂವನ್ನು ಇನ್ನಷ್ಟು ಬಿಚ್ಚಿದರು. ಮರುದಿನ ಕ್ಲೋಸರಿನ ಪೆಟ್ಟಿಗೆಯ ತುದಿಯಲ್ಲಿ ಎಣ್ಣೆ ಜಿನುಗಿತ್ತು, ಬಾಗಿಲ ಮೇಲೆ ಗೆರೆ ಇಳಿದಿತ್ತು, ಕೆಳಗಿನ ಟೈಲ್ಸ್ ಜಾರುತ್ತಿತ್ತು. ಆಯಿಗೆ ಪೆಟ್ಟಾದದ್ದು ಅದಾದ ಮೇಲೆ.

ಆ ಪೆಟ್ಟಿಗೆಯೊಳಗೆ ಇರುವುದು ಮುಖ್ಯವಾಗಿ ಒಂದು ಗಟ್ಟಿ ಸ್ಪ್ರಿಂಗ್, ಒಂದು ಪಿಸ್ಟನ್ ಮತ್ತು ಎಣ್ಣೆ. ನಾವು ಬಾಗಿಲು ತೆರೆದಾಗ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಬಿಟ್ಟಾಗ ಅದೇ ಬಾಗಿಲನ್ನು ಎಳೆದು ಮುಚ್ಚುತ್ತದೆ. ಎಣ್ಣೆಯ ಕೆಲಸ ಆ ಓಟವನ್ನು ತಡೆದು ನಿಧಾನ ಮಾಡುವುದು. ಎಣ್ಣೆ ಎಷ್ಟು ಸಣ್ಣ ದಾರಿಯಲ್ಲಿ ಹರಿಯಬೇಕು ಅನ್ನುವುದನ್ನು ಆ ಸ್ಕ್ರೂಗಳು ನಿರ್ಧರಿಸುತ್ತವೆ. ಅಂದರೆ ಸ್ಕ್ರೂ ಬಿಚ್ಚಿದರೆ ಬಾಗಿಲಿಗೆ ಹೊಸ ಶಕ್ತಿ ಬರುವುದಿಲ್ಲ, ತಡೆ ಮಾತ್ರ ಹೋಗುತ್ತದೆ. ಸ್ಕ್ರೂವನ್ನು ಮಿತಿ ಮೀರಿ ಹೊರಗೆ ತೆಗೆದರೆ ಎಣ್ಣೆಯೇ ಹೊರಗೆ ಬರುತ್ತದೆ. ಎಣ್ಣೆ ಹೋದರೂ ಸ್ಪ್ರಿಂಗಿನ ಬಲ ಹಾಗೆಯೇ ಇರುತ್ತದೆ. ಆಗ ಉಳಿಯುವುದು ಬ್ರೇಕ್ ಇಲ್ಲದ ಬಾಗಿಲು. ಮತ್ತೆ ಎಣ್ಣೆ ತುಂಬಿಸುತ್ತೇವೆ ಅನ್ನುವವರ ಮಾತು ಕೇಳಬೇಡಿ. ಅದು ಸೀಲ್ ಆಗಿ ಬರುವ ವಸ್ತು, ಸೋರಿದರೆ ಬದಲಿಸುವುದೊಂದೇ ದಾರಿ. ತುದಿಯ ಮುಚ್ಚಳ ಬಿಚ್ಚಲಂತೂ ಯಾರಿಗೂ ಬಿಡಬೇಡಿ, ಒಳಗಿನ ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುತ್ತದೆ.

ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ಪಕ್ಕದಲ್ಲಿ 1 ಮತ್ತು 2 ಅಂತ ಗುರುತು ಇರಬಹುದು. ಒಂದು, ಬಾಗಿಲು ಅಗಲವಾಗಿ ತೆರೆದಲ್ಲಿಂದ ಚೌಕಟ್ಟಿನ ಹತ್ತಿರ ಬರುವವರೆಗಿನ ವೇಗಕ್ಕೆ. ಇನ್ನೊಂದು, ಕೊನೆಯ 10ರಿಂದ 15 ಡಿಗ್ರಿಯಷ್ಟು ಓಟಕ್ಕೆ, ಲ್ಯಾಚ್ ಬೀಳುವ ಆ ಕೊನೆಯ ತಳ್ಳಿಕೆಗೆ. ನಮ್ಮಲ್ಲಿ ಬಿಚ್ಚಿದ್ದು ಮೊದಲನೆಯದನ್ನು. ದೂರದಿಂದ ಜೋರಾಗಿ ಓಡಿ ಬಂದ ಬಾಗಿಲು ಆ ವೇಗದಲ್ಲೇ ಲ್ಯಾಚಿಗೆ ಗುದ್ದುತ್ತಿತ್ತು. ದೋಷ ಹಾಗೇ ಇತ್ತು, ಹೊಡೆತದ ಸದ್ದಿನಲ್ಲಿ ಮುಚ್ಚಿಹೋಗಿತ್ತು ಅಷ್ಟೇ.

ನಿಜವಾದ ದೋಷ ಕಂಡುಹಿಡಿದವರು ಹುಬ್ಬಳ್ಳಿಯಿಂದ ಬಂದ ಹಿರಿಯ ಬಡಿಗೇರರು. ಅಷ್ಟೊತ್ತಿಗೆ ಎಲ್ಲರೂ “ಸಾಗವಾನಿ ಬಾಗಿಲು ಭಾರ, ಸಣ್ಣ ಸೈಜ್ ಕೊಟ್ಟಿದಾರ” ಅನ್ನುತ್ತಿದ್ದರು. ಅವರು ಡಬ್ಬಿ ನೋಡಿದರು. 4ನೇ ಸೈಜ್ ಇತ್ತು. ಈ ಸೈಜಿನದು 1100 ಮಿಲಿಮೀಟರ್ ಅಗಲ, 80 ಕಿಲೋ ತೂಕದವರೆಗಿನ ಬಾಗಿಲಿಗೆ ಸಾಕು. ನಮ್ಮದು ಒಂದು ಮೀಟರಿನಷ್ಟು. ಸೈಜ್ ಸರಿಯಾಗಿಯೇ ಇತ್ತು.

ಆಮೇಲೆ ಅವರು ಪೆಟ್ಟಿಗೆಯನ್ನು ಚೌಕಟ್ಟಿಗೆ ಕೂಡಿಸುವ ತೋಳಿನ ಜೋಡಣೆ ಬಿಚ್ಚಿ ಬಾಗಿಲನ್ನು ಕ್ಲೋಸರಿನಿಂದ ಬೇರೆ ಮಾಡಿದರು. ಬರಿ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ ನೋಡಿದರು. ಕೊನೆಯಲ್ಲಿ ಅದು ತುಸು ಬಿಗಿಯಾಯಿತು. ಲ್ಯಾಚಿನ ನಾಲಿಗೆಗೆ ಸೀಮೆಸುಣ್ಣ ತಿಕ್ಕಿ ಮುಚ್ಚಿದಾಗ ಚೌಕಟ್ಟಿನ ತಗಡಿನ ಅಂಚಿನ ಮೇಲೆ ಬಿಳಿ ಗೀರು ಬಿತ್ತು. ಮಳೆಗೆ ಕಟ್ಟಿಗೆ ಉಬ್ಬಿ, ನಾಲಿಗೆ ತೂತಿಗೆ ಸರಿಯಾಗಿ ಕೂಡುತ್ತಿರಲಿಲ್ಲ. ಅರದಿಂದ ತಗಡಿನ ಅಂಚನ್ನು ಸ್ವಲ್ಪ ತಿಕ್ಕಿದರು, ಬಿಜಾಗರಿಯ ಸ್ಕ್ರೂ ಬಿಗಿ ಮಾಡಿದರು. ಬಾಗಿಲು ಬೆರಳಿಗೇ ಮುಚ್ಚಿತು.

ಆದರೂ ಬೇಸಿಗೆಯಲ್ಲೇ ಅದು ನಿಲ್ಲುತ್ತಿತ್ತಲ್ಲ? ಅದಕ್ಕೆ ಕಾರಣ ತೋಳು. ಪೆಟ್ಟಿಗೆ ಬಾಗಿಲ ಮೇಲೆ, ನಾವು ಎಳೆದು ತೆರೆಯುವ ಕಡೆಗೆ ಇದ್ದರೆ, ಬಾಗಿಲು ಮುಚ್ಚಿದಾಗ ಚೌಕಟ್ಟಿಗೆ ಹೋಗುವ ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಸಣ್ಣ ತೋಳು ಬಾಗಿಲಿಗೆ ನೇರ ಅಡ್ಡವಾಗಿ, 90 ಡಿಗ್ರಿಯಲ್ಲಿ ನಿಲ್ಲಬೇಕು. ಹಾಗೆ ನಿಲ್ಲಿಸಲು ಪೆಟ್ಟಿಗೆಗೆ ಕೂಡಿರುವ ದೊಡ್ಡ ತೋಳನ್ನು ಸ್ಪ್ರಿಂಗಿನ ವಿರುದ್ಧ ಎಳೆದು ಹಿಡಿದು ಜೋಡಿಸಬೇಕಾಗುತ್ತದೆ. ಆ ಎಳೆತವೇ ಮುಚ್ಚಿದ ಬಾಗಿಲಿನಲ್ಲೂ ಉಳಿಯುವ ಬಿಗಿ, ಕೊನೆಯ ನಾಲ್ಕು ಬೆರಳಿಗೆ ಬೇಕಾದ ಬಲ. ನಮ್ಮಲ್ಲಿ ತೋಳು ಎಳೆಯದೆ, ಸುಲಭವಾಗಿ ಎಲ್ಲಿ ಕೂಡಿತೋ ಅಲ್ಲೇ ಬೋಲ್ಟ್ ಹಾಕಿದ್ದರು. ಜೊತೆಗೆ ಡಬ್ಬಿಯಲ್ಲಿ ಬರುವ ಅಳತೆಯ ಕಾಗದ ಹಚ್ಚದೆ ಕಣ್ಣಳತೆಯಲ್ಲೇ ತೂತು ಕೊರೆದಿದ್ದರಿಂದ ಪೆಟ್ಟಿಗೆಯೂ ಬಿಜಾಗರಿಯಿಂದ ತಪ್ಪು ದೂರದಲ್ಲಿತ್ತು. ನಮಗೆ ಹೊಸ ಕ್ಲೋಸರ್ ತರಿಸಿ, ಹಳೆ ತೂತು ತುಂಬಿಸಿ, ಕಾಗದ ಅಂಟಿಸಿ ಮತ್ತೆ ಹಾಕಬೇಕಾಯಿತು.

ವೇಗ ಹೊಂದಿಸಿದ ರೀತಿ ನೋಡುವಂತಿತ್ತು. ಸ್ಕ್ರೂವನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುವುದು, ಬಾಗಿಲು ಪೂರ್ತಿ ತೆರೆದು ಬಿಟ್ಟು ಕಾಯುವುದು, ಮತ್ತೆ ತಿರುಗಿಸುವುದು. ಬಲಕ್ಕೆ ತಿರುಗಿಸಿದರೆ ನಿಧಾನ, ಎಡಕ್ಕೆ ತಿರುಗಿಸಿದರೆ ಜೋರು. ಮೊದಲು ಅಗಲದ ಓಟ, ಆಮೇಲೆ ಲ್ಯಾಚಿನ ಓಟ. ಅಮೆರಿಕದ ಅಂಗವಿಕಲರ ಅನುಕೂಲದ ನಿಯಮದಲ್ಲಿ ಬಾಗಿಲು 90 ಡಿಗ್ರಿಯಿಂದ 12 ಡಿಗ್ರಿಗೆ ಬರಲು ಕನಿಷ್ಠ 5 ಸೆಕೆಂಡ್ ಬೇಕು. ವಯಸ್ಸಾದವರು ಓಡಾಡುವ ನಮ್ಮ ಮನೆಗಳಿಗೂ ಅದು ಒಳ್ಳೆಯ ಅಳತೆ. ಕೊನೆಗೆ ಅವರು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು ಬಿಟ್ಟರು. ಓಟದ ಸಹಾಯವಿಲ್ಲದೆ ಅಲ್ಲಿಂದಲೂ ಹೋಗಿ ಲ್ಯಾಚ್ ಬಿತ್ತು. ಫಿಟ್ಟಿಂಗಿಗೆ ದುಡ್ಡು ಕೊಡುವ ಮೊದಲು ನೀವು ಮಾಡಲೇಬೇಕಾದ ಪರೀಕ್ಷೆ ಇದೇ. ದೂರದಿಂದ ಬಿಟ್ಟಾಗ ಬಡಿದು ಮುಚ್ಚಿ, ಗೇಣಿನಿಂದ ಬಿಟ್ಟಾಗ ನಿಂತರೆ ಒಪ್ಪಬೇಡಿ. ಲ್ಯಾಚಿನ ಸ್ಕ್ರೂ ತುಸು ಸಡಿಲಿಸಿದರೂ ನಿಂತರೆ ತಿಕ್ಕಾಟ ಅಥವಾ ತೋಳು ನೋಡಿಸಿ.

ಚಳಿಗೆ ಎಣ್ಣೆ ದಪ್ಪಗಾಗಿ ಬಾಗಿಲು ನಿಧಾನವಾಗುತ್ತದೆ, ಬಿಸಿಲಿಗೆ ತೆಳುವಾಗಿ ಜೋರಾಗುತ್ತದೆ. ಡಿಸೆಂಬರಿನಲ್ಲಿ ಹೊಂದಿಸಿದ್ದನ್ನು ಏಪ್ರಿಲಿನಲ್ಲಿ ಒಮ್ಮೆ ನೋಡಿಸಿಕೊಳ್ಳಿ, ಅದಕ್ಕೂ ಸ್ವಲ್ಪವೇ ತಿರುಗಿಸಿದರೆ ಸಾಕು.

ನಿಮ್ಮ ಕ್ಲೋಸರಿನಲ್ಲಿ ಈಗಾಗಲೇ ಎಣ್ಣೆ ಕಂಡಿದ್ದರೆ ಹೊಸದು ಬರುವವರೆಗೆ ಹಾಗೇ ಬಿಡಬೇಡಿ. ಇವತ್ತೇ ಒಬ್ಬರು ಬಾಗಿಲು ಹಿಡಿದುಕೊಂಡು ಇನ್ನೊಬ್ಬರು ತೋಳಿನ ಜೋಡಣೆಯ ಸ್ಕ್ರೂ ಬಿಚ್ಚಿರಿ. ತೋಳು ತಟ್ಟನೆ ತಿರುಗಬಹುದು, ಮುಖ ದೂರ ಇಟ್ಟುಕೊಳ್ಳಿ. ನೆಲದ ಎಣ್ಣೆಯನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಕೆಲವು ದಿನ ಬಾಗಿಲನ್ನು ಕೈಯಿಂದಲೇ ಮುಚ್ಚಿಕೊಳ್ಳಿ.